‘ಯಾವಾಗ ಹೋದ್ರು?’ ಅಂದರು ಅಮ್ಮ

ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದ ಅಮ್ಮನಿಗೆ ನಾನು ಬರೆದಿದ್ದನ್ನು ಗಟ್ಟಿಯಾಗಿ ಓದಿ ಹೇಳಿದೆ. ಅಮ್ಮ ಕೈಯಲ್ಲಿದ್ದ ಕಾಯಿಯನ್ನು ಹಾಗೇ ತಟ್ಟೆಗೆ ಇಟ್ಟು, ‘ಅಯ್ಯೋ ಪಾಪ, ಯಾವಾಗ ಹೋದ್ರು?’ ಅಂದರು.

‘ಯಾರಮ್ಮಾ?’

‘ಅವರೇ ಕಣೆ, ನೀನೀಗ ಓದಿದ್ಯಲ್ಲ. ಮಕ್ಕಳು ಚಿಕ್ಕವಾ?’

ನಾನು ಓದಿದ್ದು ನಮ್ಮ ಆಫೀಸಿನ ಕಾಕಾ ಬೇಗ ಹುಷಾರಾಗಲಿ ಅಂತ ಬರೆದ ಪತ್ರ! ಕಾಕಾ ಆಗ ಆಸ್ಪತ್ರೆಯಲ್ಲಿ ಗಂಜಿ ಕುಡಿದು, ಫಿಸಿಯೋಥೆರಪಿಯವರ ಜೊತೆ ವಾರ್ಡಿನಲ್ಲಿ ನಾಲ್ಕು ಹೆಜ್ಜೆ ನಡೆದಿದ್ದರು. ನಾನು ಮಾತ್ರ ಅವರನ್ನು ಶ್ರದ್ಧಾಂಜಲಿ ಕಾಲಮ್ಮಿಗೆ ಕಳಿಸಿಬಿಟ್ಟಿದ್ದೆ.

ನಮ್ಮದು ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ಮಾರುವ ಸಣ್ಣ ಆಫೀಸು. ಕಾಕಾನನ್ನು ಬಿಟ್ಟರೆ ಎಂಟು ಜನ. ಗದಗ ಕಡೆಯ ಕಾಕಾ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ವಯಸ್ಸು ಐವತ್ತೇಳು. ಅವರಿಗೆ ಚೆಂದದ ಹೆಸರಿದೆ, ಆದರೆ ಬಂದ ಮೊದಲ ವಾರದಲ್ಲೇ ಎಲ್ಲರಿಗೂ ಕಾಕಾ ಆದರು. ಮ್ಯಾನೇಜರ್ ಸರ್ ಕೂಡ ‘ಕಾಕಾಜಿ’ ಅಂತಲೇ ಕರೆಯುತ್ತಾರೆ. ತಿಂಗಳ 14ರಂದು ಕಾಕಾಗೆ ಬೈಪಾಸ್ ಆಪರೇಷನ್ ಆಯಿತು. ಮೂರು ದಿನ ಐಸಿಯುನಲ್ಲಿದ್ದು 17ಕ್ಕೆ ವಾರ್ಡಿಗೆ ಬಂದರು.

ಮ್ಯಾನೇಜರ್ ಸರ್ ಕೇರಳದವರು. ಅವರು ಇಂಗ್ಲಿಷಿನಲ್ಲಿ ನಿಜವಾಗಿಯೂ ಮನಸ್ಸಿಟ್ಟು ಏಳು ಸಾಲು ಬರೆದು ನನಗೆ ಕಳಿಸಿದರು. ‘ಸೋ ಸಾರಿ ಟು ಹಿಯರ್’ ಅಂತ ಶುರು, ‘ಗೆಟ್ ವೆಲ್ ಸೂನ್’ ಅಂತ ಮುಕ್ತಾಯ. ಕಾಕಾ ಅಂಕಿಗಳನ್ನು ಕಣ್ಣು ಮುಚ್ಚಿಕೊಂಡು ಓದಬಲ್ಲರು, ಆದರೆ ಇಂಗ್ಲಿಷಿನ ಪ್ಯಾರಾ ಅಂದರೆ ಅವರಿಗೆ ತಲೆನೋವು. ಅದಕ್ಕೇ ಸರ್, ‘ಕನ್ನಡದಲ್ಲಿ ಮಾಡಿಕೊಡಿ, ಒಳ್ಳೆ ಕನ್ನಡದಲ್ಲಿ’ ಅಂದರು. ಆ ‘ಒಳ್ಳೆ ಕನ್ನಡ’ ಅನ್ನುವ ಮಾತೇ ನನ್ನನ್ನು ಕೆಡಿಸಿತು ನೋಡಿ. ನಾನು ಬರೆದದ್ದು ಹೀಗಿತ್ತು:

‘ಆತ್ಮೀಯರೇ, ತಾವು ಶಸ್ತ್ರಚಿಕಿತ್ಸೆಗೆ ಒಳಗಾದ ವಿಷಯ ತಿಳಿದು ನಮಗೆಲ್ಲರಿಗೂ ತೀವ್ರ ದುಃಖವಾಯಿತು. ತಾವು ಸದಾ ನಮ್ಮೊಂದಿಗೆ ಇದ್ದಿರಿ. ತಾವೊಬ್ಬ ಹೋರಾಟಗಾರರು. ಈ ಕಠಿಣ ಸಮಯದಲ್ಲಿ ನಮ್ಮ ಪ್ರಾರ್ಥನೆಗಳು ತಮ್ಮೊಂದಿಗೆ ಹಾಗೂ ತಮ್ಮ ಕುಟುಂಬದೊಂದಿಗೆ ಇವೆ. ಕೆಲಸದ ಬಗ್ಗೆ ಚಿಂತಿಸದೆ ಬೇಕಾದಷ್ಟು ಸಮಯವನ್ನು ತೆಗೆದುಕೊಳ್ಳಿ. ತಮ್ಮ ಅನುಪಸ್ಥಿತಿ ನಮ್ಮನ್ನು ಬಹಳವಾಗಿ ಕಾಡುತ್ತಿದೆ. ತಾವು ಶೀಘ್ರ ಗುಣಮುಖರಾಗಲೆಂದು ಹಾರೈಸುವ, ಸಿಬ್ಬಂದಿ ವರ್ಗ.’

ವ್ಯಾಕರಣದಲ್ಲಿ ತಪ್ಪಿಲ್ಲ. ಸರ್ ಬರೆದ ಒಂದು ಸಾಲೂ ಬಿಟ್ಟಿಲ್ಲ. ಆದರೂ ಅಮ್ಮನಿಗೆ ಇದು ಹೋದವರ ಬಗ್ಗೆ ಬರೆದ ಹಾಗೆ ಕೇಳಿಸಿತು. ಯಾಕೆ ಅಂತ ಯೋಚಿಸುತ್ತಾ ಅಂದು ರಾತ್ರಿ ಒಂದೊಂದೇ ಸಾಲು ಹಿಡಿದು ಕೂತೆ.

ಮೊದಲನೆಯದು ‘ಸೋ ಸಾರಿ ಟು ಹಿಯರ್’. ಇಂಗ್ಲಿಷಿನವರ ‘ಸಾರಿ’ಗೆ ದೊಡ್ಡ ಅಳತೆ. ಬಸ್ಸಿನಲ್ಲಿ ಕಾಲು ತುಳಿದರೂ ಸಾರಿ, ಜ್ವರ ಬಂದಿದೆ ಅಂದರೂ ಸಾರಿ, ಯಾರಾದರೂ ತೀರಿಕೊಂಡರೂ ಸಾರಿ. ನಮ್ಮಲ್ಲಿ ಹಾಗಿಲ್ಲ. ‘ತಿಳಿದು ದುಃಖವಾಯಿತು’, ‘ತೀವ್ರ ವಿಷಾದ’ ಇವೆಲ್ಲ ಹೆಚ್ಚುಕಡಿಮೆ ಒಂದೇ ಸಂದರ್ಭಕ್ಕೆ ಮೀಸಲಾದ ಮಾತು. ಪೇಪರಿನಲ್ಲಿ ಫೋಟೋದ ಕೆಳಗೆ ಓದಿ ಓದಿ ನಮ್ಮ ಕಿವಿಗೆ ಅದೇ ಅಂಟಿಕೊಂಡಿದೆ. ಮನೆಯಲ್ಲಿ ಇಂಥ ಸುದ್ದಿ ಬಂದರೆ ನಾವು ಏನಂತೀವಿ? ‘ಕೇಳಿ ಗಾಬರಿ ಆಯ್ತು, ಈಗ ಹೇಗಿದ್ದಾರೆ?’ ಅಂತೀವಿ. ಆಪರೇಷನ್ ಮುಗಿದಿದ್ದರೆ, ‘ಎಲ್ಲಾ ಚೆನ್ನಾಗಿ ಆಯ್ತಲ್ಲ, ಸದ್ಯ!’ ಅಂತೀವಿ. ದುಃಖವನ್ನು ಹೆಸರು ಹಿಡಿದು ಕರೆಯುವುದಿಲ್ಲ. ‘ಹೋಗ್ತೀನಿ’ ಅನ್ನಬೇಡ, ‘ಹೋಗಿ ಬರ್ತೀನಿ’ ಅನ್ನು ಅಂತ ಮಕ್ಕಳಿಗೆ ಕಲಿಸುವ, ಬಳೆ ಒಡೆದರೂ ‘ಹೆಚ್ಚಿತು’ ಅನ್ನುವ ಮನೆಗಳಲ್ಲಿ ಬೆಳೆದವರು ನಾವು. ಆಸ್ಪತ್ರೆ ಮಂಚದ ಪಕ್ಕದಲ್ಲಿ ಇಂಥ ಮಾತಿಗೆ ತೂಕ ಇನ್ನೂ ಜಾಸ್ತಿ.

ಎರಡನೆಯ ಸಾಲು ‘ಯು ಹ್ಯಾವ್ ಆಲ್ವೇಸ್ ಬೀನ್ ದೇರ್ ಫಾರ್ ಅಸ್’. ಅಮ್ಮನನ್ನು ನಿಜವಾಗಿ ಹೆದರಿಸಿದ್ದು ಇದೇ. ಇಂಗ್ಲಿಷಿನಲ್ಲಿ ಆ ‘ಹ್ಯಾವ್ ಬೀನ್’ ಹಿಂದಿನಿಂದ ಶುರುವಾಗಿ ಇವತ್ತಿನ ತನಕ ಬರುತ್ತದೆ. ಅದನ್ನು ನಾನು ‘ಸದಾ ನಮ್ಮೊಂದಿಗೆ ಇದ್ದಿರಿ’ ಅಂತ ಮಾಡಿದಾಗ ಅದು ಹಿಂದೆಯೇ ನಿಂತುಬಿಟ್ಟಿತು. ಒಂದು ಸಲ ಗಮನಿಸಿ, ‘ಇದ್ದಿರಿ’ ಅಂದರೆ ಆಗ ಇದ್ದಿರಿ, ಈಗಿಲ್ಲ. ‘ಇದ್ದೀರಿ’ ಅಂದರೆ ಈಗಲೂ ಇದ್ದೀರಿ. ಎರಡಕ್ಕೂ ನಡುವೆ ಇರುವುದು ಒಂದು ಗುಡಿಸಿನ ದೀರ್ಘ ಮಾತ್ರ! ಮೊಬೈಲಿನಲ್ಲಿ ಟೈಪ್ ಮಾಡುವಾಗ ಆ ದೀರ್ಘ ಎಷ್ಟು ಸುಲಭವಾಗಿ ಬಿಟ್ಟುಹೋಗುತ್ತದೆ ಅಂತ ನಿಮಗೂ ಗೊತ್ತು. ‘ನೀವು ಎಲ್ಲರಿಗೂ ಸಹಾಯ ಮಾಡುತ್ತಿದ್ದಿರಿ’, ‘ಸದಾ ನಗುತ್ತಿದ್ದಿರಿ’ ಅನ್ನುವುದೂ ಇದೇ ಜಾತಿ. ಹಾಸಿಗೆಯಲ್ಲಿರುವವರ ಬಗ್ಗೆ ಬರೆಯುವಾಗ ಕ್ರಿಯಾಪದಗಳನ್ನೆಲ್ಲ ಇವತ್ತಿಗೆ ತಂದು ನಿಲ್ಲಿಸಬೇಕು: ‘ಮಾಡ್ತೀರಿ’, ‘ನಗ್ತೀರಿ’, ‘ಬರ್ತೀರಿ’. ಅವತ್ತಿನಿಂದ ನಾನು ಇಂಥ ಪತ್ರ ಬರೆದರೆ ಕಳಿಸುವ ಮೊದಲು ಬರೀ ಕ್ರಿಯಾಪದಗಳನ್ನೇ ಒಂದು ಸಲ ಓದಿಕೊಂಡು ಹೋಗುತ್ತೇನೆ.

‘ಯು ಆರ್ ಎ ಫೈಟರ್’ ಅನ್ನುವುದು ನಗು ತರಿಸಿತು. ನಮ್ಮಲ್ಲಿ ‘ಹೋರಾಟಗಾರರು’ ಅಂದರೆ ಹೆಗಲಿಗೆ ಶಾಲು ಹಾಕಿಕೊಂಡು ರಸ್ತೆಗಿಳಿದವರು. ಕಾಕಾ ಜೀವಮಾನದಲ್ಲಿ ಬಂದ್ ದಿನ ಮನೆಯಿಂದ ಹೊರಗೆ ಬಂದವರಲ್ಲ. ಇನ್ನು ಆಸ್ಪತ್ರೆಯ ಜೊತೆ ‘ಹೋರಾಟ’ ಸೇರಿದರೆ ‘ಸಾವು ಬದುಕಿನ ನಡುವೆ ಹೋರಾಟ’ ಅನ್ನುವ ಟೀವಿಯ ಕೆಂಪು ಪಟ್ಟಿಯೇ ಕಣ್ಣಿಗೆ ಬರುತ್ತದೆ. ಸರ್ ಹೇಳಬೇಕೆಂದಿದ್ದಕ್ಕೆ ನಮ್ಮಲ್ಲಿ ಸಲೀಸಾದ ಮಾತೇ ಇದೆಯಲ್ಲ: ‘ನೀವು ಗಟ್ಟಿ ಮನುಷ್ಯ’.

‘ವಿ ಮಿಸ್ ಯು’ ಎಲ್ಲಕ್ಕಿಂತ ಕಷ್ಟದ್ದು. ‘ಮಿಸ್’ ಅನ್ನುವುದಕ್ಕೆ ಕನ್ನಡದಲ್ಲಿ ಒಂಟಿ ಪದ ಸಿಗುವುದಿಲ್ಲ. ‘ಅನುಪಸ್ಥಿತಿ ಕಾಡುತ್ತಿದೆ’ ಅಂದರೆ ಭಾಷಣ. ‘ನಿಮ್ಮ ನೆನಪು ಬರುತ್ತಿದೆ’ ಅಂದರೆ ಮತ್ತೆ ಫೋಟೋಗೆ ಹಾರ. ‘ನಿಮ್ಮ ಕುರ್ಚಿ ಖಾಲಿ ಕಾಣ್ತಿದೆ’ ಅಂತ ಬರೆದು ನೋಡಿದೆ, ನನಗೇ ಮೈ ಜುಂ ಅಂದಿತು. ಕೊನೆಗೆ ಹೊಳೆದದ್ದು ಏನೆಂದರೆ, ಕಾಕಾ ಇಲ್ಲದ್ದರಿಂದ ಆಫೀಸಿನಲ್ಲಿ ಏನು ಎಡವಟ್ಟಾಗುತ್ತಿದೆ ಅಂತ ಹೇಳಿದರೆ ಸಾಕು. ನಾಲ್ಕು ಗಂಟೆ ಆಯಿತೆಂದರೆ ಕಾಕಾ ಎದ್ದು ನಿಂತು, ‘ಚಾ ಆತೇನ್ರಿ?’ ಅಂತ ಒಳಗೆ ಕೂಗುತ್ತಾರೆ. ಅವರು ಇಲ್ಲದ ಆ ವಾರ ನಾವು ಚಹಾ ಕುಡಿದದ್ದು ಐದೂವರೆಗೆ. ಬೇಜಾರಾಗಿದೆ ಅನ್ನುವ ಒಂದು ಪದವೂ ಅದರಲ್ಲಿಲ್ಲ. ಆದರೆ ನೀವಿಲ್ಲದೆ ನಡೆಯುತ್ತಿಲ್ಲ ಅನ್ನುವುದು ಅದರೊಳಗೇ ಇದೆ.

ಅದೇ ಹುರುಪಿನಲ್ಲಿ ಇನ್ನೊಂದು ತಮಾಷೆಯನ್ನೂ ಸೇರಿಸಿದ್ದೆ. ಕಾಕಾಗೆ ಮಿರ್ಚಿ, ಗಿರ್ಮಿಟ್ ಅಂದರೆ ಪ್ರಾಣ. ‘ನೀವು ಬಂದ ದಿನ ಎಲ್ಲರಿಗೂ ಮಿರ್ಚಿ ಪಾರ್ಟಿ’ ಅಂತ ಬರೆದಿದ್ದೆ. ಬರೆದ ಮೇಲೆ ನೆನಪಾಯಿತು, ಹೃದಯದ ಆಪರೇಷನ್ ಆದ ಮನುಷ್ಯನಿಗೆ ಎಣ್ಣೆಯಲ್ಲಿ ಕರಿದದ್ದರ ತಮಾಷೆ ತಮಾಷೆಯಾಗುವುದಿಲ್ಲ. ಇನ್ನು ಮೇಲೆ ಅದು ಅವರ ತಟ್ಟೆಯಲ್ಲಿ ಇರದ ಪದಾರ್ಥ. ಆ ಸಾಲನ್ನು ಹೊಡೆದು ಹಾಕಿದೆ. ನಗಿಸುವುದಾದರೆ ನಮ್ಮ ಪೆದ್ದುತನದಿಂದ ನಗಿಸಬೇಕು, ಅವರು ಕಳೆದುಕೊಂಡದ್ದರಿಂದ ಅಲ್ಲ.

ಇಷ್ಟೆಲ್ಲ ಪದಗಳ ಗೋಳು. ಒಂದು ಸಾಲು ಮಾತ್ರ ಪದದಲ್ಲಿ ಬಗೆಹರಿಯಲಿಲ್ಲ. ಅದು ‘ಟೇಕ್ ಆಲ್ ದ ಟೈಮ್ ಯು ನೀಡ್’.

ಇಂಗ್ಲಿಷಿನಲ್ಲಿ ಅದು ದೊಡ್ಡ ಮನಸ್ಸಿನ ಮಾತು. ಕನ್ನಡದಲ್ಲಿ ‘ಬೇಕಾದಷ್ಟು ಸಮಯ ತೆಗೆದುಕೊಳ್ಳಿ’ ಅಂದರೆ? ಕಾಕಾದು ವರ್ಷಕ್ಕೊಮ್ಮೆ ರಿನ್ಯೂ ಆಗುವ ಕಾಂಟ್ರಾಕ್ಟ್ ಕೆಲಸ. ಹಿಂದಿನ ದಿನವಷ್ಟೇ ಅವರ ಹೆಂಡತಿ, ಅಂದರೆ ನಮ್ಮೆಲ್ಲರ ಕಾಕು, ಫೋನಿನಲ್ಲಿ ಬೇರೆ ಏನೇನೋ ಮಾತಾಡುತ್ತಾ ಮೆಲ್ಲಗೆ, ‘ಅವರ ಜಾಗಾಕ್ಕ ಯಾರನ್ನರ ತಗೊಂಡಾರೇನವ್ವಾ?’ ಅಂತ ಕೇಳಿದ್ದರು. ನಾನು ಇಲ್ಲ ಅಂದೆ. ಎರಡು ನಿಮಿಷ ಬಿಟ್ಟು ಅದನ್ನೇ ಇನ್ನೊಂದು ಥರ ಕೇಳಿದರು. ಅಂಥವರ ಕೈಗೆ ‘ಬೇಕಾದಷ್ಟು ಸಮಯ ತೆಗೆದುಕೊಳ್ಳಿ’ ಅನ್ನುವ ಚೀಟಿ ಹೋದರೆ ಅವರು ಏನಂತ ಓದಿಕೊಳ್ಳುತ್ತಾರೆ? ‘ನೀವು ಬರದಿದ್ದರೂ ನಡೆಯುತ್ತದೆ’ ಅಂತ. ಅದರ ಪಕ್ಕದಲ್ಲೇ ‘ಚಿಂತೆ ಮಾಡಬೇಡಿ’ ಅಂತ ಬೇರೆ. ಯಾವುದಕ್ಕೆ ಚಿಂತೆ ಮಾಡಬಾರದು ಅಂತ ಬಿಡಿಸಿ ಹೇಳದಿದ್ದರೆ, ಅಲ್ಲಿ ತನಕ ಇಲ್ಲದ ಚಿಂತೆಯೂ ಹುಟ್ಟಿಕೊಳ್ಳುತ್ತದೆ.

ಕನ್ನಡದಲ್ಲಿ ಇದನ್ನು ಸಮಾಧಾನವಾಗುವ ಹಾಗೆ ಹೇಳಬೇಕಾದರೆ ‘ನಿಮ್ಮ ಜಾಗ ನಿಮ್ಮದೇ, ಬೇರೆ ಯಾರನ್ನೂ ತಗೊಳ್ಳೋದಿಲ್ಲ’ ಅಂತಲೇ ಬರೆಯಬೇಕು. ಆದರೆ ಅದು ಅನುವಾದ ಅಲ್ಲವಲ್ಲ, ಅದು ಮಾತು ಕೊಟ್ಟ ಹಾಗೆ. ಮಾತು ಕೊಡಲು ನಾನ್ಯಾರು? ಮರುದಿನ, 19ರಂದು, ಬೆಳಿಗ್ಗೆ ಹೋದವಳೇ ಸರ್ ಮುಂದೆ ನಿಂತೆ. ‘ಸರ್, ಈ ಒಂದು ಸಾಲಿನ ಅರ್ಥ ನೀವೇ ಹೇಳಬೇಕು. ಕಾಕಾ ಎರಡು ತಿಂಗಳು ಬರದಿದ್ದರೂ ಅವರ ಕೆಲಸ ಅವರಿಗೇ ಇರುತ್ತಾ?’

ಸರ್ ಪೆನ್ನು ಕೆಳಗಿಟ್ಟರು. ‘ಅದನ್ನೇ ತಾನೇ ಬರೆದಿರೋದು?’ ಅಂದರು.

‘ಇಂಗ್ಲಿಷಿನಲ್ಲಿ ಎರಡು ಥರವೂ ಓದಬಹುದು ಸರ್. ಕನ್ನಡದಲ್ಲಿ ಒಂದೇ ಥರ ಬರೆಯಬೇಕು.’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೆಡ್ಡಾಫೀಸಿಗೆ ಫೋನ್ ಹಚ್ಚಿದರು. ನನ್ನನ್ನು ಹೊರಗೆ ಕೂರಲು ಹೇಳಿದರು. ಹದಿನೈದು ನಿಮಿಷದ ಮೇಲೆ ಬಾಗಿಲು ತೆರೆದು, ‘ಬರೀರಿ. ಯಾರನ್ನೂ ತಗೊಳ್ಳಲ್ಲ ಅಂತಾನೇ ಬರೀರಿ. ಕಾಂಟ್ರಾಕ್ಟ್ ವಿಷಯ ಮೇಲ್‌ನಲ್ಲಿ ಹಾಕಿಸ್ಕೊಂಡಿದ್ದೀನಿ’ ಅಂದರು. ನಾನು ಆಫೀಸಿನಲ್ಲಿ ಇಷ್ಟು ವರ್ಷದಲ್ಲಿ ಮಾಡಿದ ಅನುವಾದಗಳಲ್ಲಿ ಒಂದು ಕೆಲಸಕ್ಕೆ ಬಂದಿದ್ದರೆ ಅದು ಈ ಒಂದು ಸಾಲು.

‘ಚಿಂತೆ ಮಾಡಬೇಡಿ’ ಅನ್ನುವುದಕ್ಕೂ ಇದೇ ದಾರಿ ಹಿಡಿದೆ. ಕಾಕಾಗೆ ಪ್ರತಿ ತಿಂಗಳೂ ಒಂದೇ ತಲೆಬಿಸಿ, 20ನೇ ತಾರೀಖಿನೊಳಗೆ ಹೋಗಬೇಕಾದ ಜಿಎಸ್‌ಟಿ ರಿಟರ್ನ್. ತಡವಾದರೆ ದಿನಕ್ಕಿಷ್ಟು ಅಂತ ದಂಡ. ಆಪರೇಷನ್ನಿಗೆ ಹೋಗುವ ಹಿಂದಿನ ದಿನವೂ ಅದನ್ನೇ ಹೇಳಿ ಹೋಗಿದ್ದರು. ಚಿಂತೆ ಬೇಡ ಅನ್ನುವ ಬದಲು ರಿಟರ್ನ್ ಹೋಯಿತು ಅಂತ ತಾರೀಖು ಸಮೇತ ಬರೆದರೆ ಚಿಂತೆ ತಾನಾಗಿಯೇ ಹೋಗುತ್ತದೆ. ಪ್ರಾರ್ಥನೆಯ ಸಾಲಿಗೂ ಅಷ್ಟೇ. ನಮ್ಮ ಪ್ರಾರ್ಥನೆಗಳು ನಿಮ್ಮೊಂದಿಗೆ ಇವೆ ಅಂತ ನಾವು ಯಾರೂ ಮಾತಾಡುವುದಿಲ್ಲ. ಪ್ಯಾಕಿಂಗ್ ನೋಡಿಕೊಳ್ಳುವ ಅಕ್ಕ ಆಪರೇಷನ್ ದಿನ ಬೆಳಿಗ್ಗೆ ಕೆಲಸಕ್ಕೆ ಬರುವ ಮೊದಲು ಗುಡಿಗೆ ಹೋಗಿ ಕಾಕಾ ಹೆಸರಿನಲ್ಲಿ ದೀಪ ಹಚ್ಚಿ ಬಂದಿದ್ದರು. ಅದನ್ನೇ ಬರೆದೆ.

ಇನ್ನು ಉಳಿದದ್ದು ‘ಗೆಟ್ ವೆಲ್ ಸೂನ್’. ‘ಶೀಘ್ರ ಗುಣಮುಖರಾಗಲೆಂದು’ ಅಂದರೆ ಸರ್ಕಲ್ಲಿನ ಫ್ಲೆಕ್ಸು. ಕೆಳಗೆ ನಮ್ಮೆಲ್ಲರ ಪಾಸ್‌ಪೋರ್ಟ್ ಸೈಜ್ ಫೋಟೋ ಹಾಕುವುದೊಂದೇ ಬಾಕಿ. ನಮ್ಮ ತುಮಕೂರು ಕಡೆ ‘ಬೇಗ ಹುಷಾರಾಗಿ’ ಅಂದರೆ ಆಯಿತು. ಆದರೆ ಕಾಕಾಗೆ ‘ಹುಷಾರು’ ಅಂದರೆ ಜಾಣ. ಅವರು ಬಂದ ಹೊಸದರಲ್ಲಿ ನಾನೊಂದು ದಿನ ‘ನಂಗೆ ಹುಷಾರಿಲ್ಲ ಕಾಕಾ’ ಅಂದಾಗ, ‘ಹಂಗ್ಯಾಕ ಅಂತೀಯವ್ವಾ, ಶಾಣ್ಯಾಕಿನೇ ಅದಿ’ ಅಂದಿದ್ದರು! ಅವರ ಕಡೆ ಮೈ ಸರಿಯಿಲ್ಲದಿದ್ದರೆ ‘ಆರಾಮಿಲ್ಲ’, ವಾಸಿಯಾದರೆ ‘ಆರಾಮಾತು’.

ಹಾಗಂತ ಪತ್ರ ಪೂರ್ತಿ ಅವರ ಮಾತಿನಲ್ಲಿ ಬರೆದರೆ ಅಣಕಿಸಿದ ಹಾಗೆ ಆಗುತ್ತದೆ. ಅವರ ಭಾಷೆ ನನ್ನ ಬಾಯಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಅದಕ್ಕೆ ಇಡೀ ಪತ್ರ ನಾನು ಅವರ ಹತ್ತಿರ ದಿನಾ ಮಾತಾಡುವ ಹಾಗೇ ಇರಲಿ, ಕೊನೆಯ ಒಂದು ಹಾರೈಕೆ ಮಾತ್ರ ಅವರ ಊರಿನದಾಗಲಿ ಅಂದುಕೊಂಡೆ. ‘ಆತ್ಮೀಯರೇ’ ಹೋಗಿ ಬರೀ ‘ಕಾಕಾ’ ಆಯಿತು. ‘ತಾವು’ ಹೋಗಿ ‘ನೀವು’ ಬಂತು. ‘ಸಿಬ್ಬಂದಿ ವರ್ಗ’ ಹೋಗಿ ನಾವು ಎಂಟು ಜನ ಬಂದೆವು. ಅವತ್ತು ಸಂಜೆ ಕಳಿಸಿದ್ದು ಇದು:

‘ಕಾಕಾ,

ಆಪರೇಷನ್ ಚೆನ್ನಾಗಿ ಆಯ್ತು, ವಾರ್ಡಿಗೆ ಬಂದಿದ್ದೀರಿ, ನಾಲ್ಕು ಹೆಜ್ಜೆ ನಡೆದ್ರಿ ಅಂತ ಕಾಕು ಹೇಳಿದರು. ಕೇಳಿ ನಮಗೆಲ್ಲ ಜೀವಕ್ಕೆ ಸಮಾಧಾನ ಆಯ್ತು. ನೀವು ಗಟ್ಟಿ ಮನುಷ್ಯ ಅಂತ ನಮಗೆ ಮೊದಲೇ ಗೊತ್ತು, ಈಗ ಡಾಕ್ಟರಿಗೂ ಗೊತ್ತಾಗಿರುತ್ತೆ. ಪ್ಯಾಕಿಂಗ್ ಅಕ್ಕ ಅವತ್ತು ಬೆಳಿಗ್ಗೆನೇ ಗುಡಿಗೆ ಹೋಗಿ ನಿಮ್ಮ ಹೆಸರಲ್ಲಿ ದೀಪ ಹಚ್ಚಿ ಬಂದರು.

ಜಿಎಸ್‌ಟಿ ರಿಟರ್ನ್ 18ಕ್ಕೇ ಹೋಯ್ತು. ನೀವು ಹೇಳಿಕೊಟ್ಟ ಹಾಗೆ ಎರಡೆರಡು ಸಲ ಲೆಕ್ಕ ತಾಳೆ ನೋಡಿಯೇ ಕಳಿಸಿದ್ದೀವಿ. ಆದರೆ ಚಹಾ ವಿಷಯದಲ್ಲಿ ಸೋತಿದ್ದೀವಿ. ನಾಲ್ಕು ಗಂಟೆಗೆ ಕೂಗೋರಿಲ್ಲದೆ ಐದೂವರೆಗೆ ಕುಡೀತಾ ಇದ್ದೀವಿ, ಅದೂ ತಣ್ಣಗಿರೋದು.

ಡಾಕ್ಟರು ಹೂಂ ಅನ್ನೋ ತನಕ ಆಫೀಸಿನ ಕಡೆ ತಲೆ ಹಾಕಬೇಡಿ. ನಿಮ್ಮ ಜಾಗ ನಿಮ್ಮದೇ. ಅಲ್ಲಿಗೆ ಯಾರನ್ನೂ ತಗೊಂಡಿಲ್ಲ, ತಗೊಳ್ಳೋದೂ ಇಲ್ಲ. ಇದು ಸರ್ ಹೇಳಿ ಬರೆಸಿದ ಮಾತು, ಕಾಗದವೂ ಆಗಿದೆ.

ಕಾಕೂಗೆ ಸ್ವಲ್ಪ ನಿದ್ದೆ ಮಾಡೋಕೆ ಹೇಳಿ. ಲಗೂನ ಆರಾಮ ಆಗ್ರಿ.

ಚಹಾಗೆ ಕಾಯ್ತಿರೋ ನಾವು ಎಂಟೂ ಜನ.’

ಕಳಿಸುವ ಮೊದಲು ಮನೆಗೆ ಫೋನ್ ಮಾಡಿ ಅಮ್ಮನಿಗೆ ಓದಿ ಹೇಳಿದೆ. ಕಾಕಾ ಮಲಗಿರುತ್ತಾರೆ, ಓದಿ ಹೇಳುವವರು ಕಾಕು ಅಂತ ಗೊತ್ತಿತ್ತು. ಬಾಯಿಬಿಟ್ಟು ಓದುವಾಗ ತಡವರಿಸದ ಹಾಗಿರಬೇಕಿತ್ತು. ಅಮ್ಮ ಪೂರ್ತಿ ಕೇಳಿ, ‘ಯಾವಾಗ ಮನೆಗೆ ಕಳಿಸ್ತಾರಂತೆ?’ ಅಂದರು. ಪಾಸಾಯಿತು ಅಂದುಕೊಂಡೆ. ಸರ್‌ಗೂ ಸಾಲು ಸಾಲಾಗಿ ಅರ್ಥ ಹೇಳಿದೆ. ‘ನಾನು ಚಹಾ ಬಗ್ಗೆ ಏನೂ ಬರೆದಿರಲಿಲ್ಲವಲ್ಲ’ ಅಂದರು. ‘ವಿ ಮಿಸ್ ಯು ಅಂತ ಬರೆದಿದ್ದಿರಲ್ಲ ಸರ್, ಅದೇ ಇದು’ ಅಂದೆ.

ರಾತ್ರಿ ಎಂಟಕ್ಕೆ ಕಾಕು ಫೋನ್ ಮಾಡಿದರು. ಎರಡು ಸಲ ಓದಿಸಿಕೊಂಡರಂತೆ. ಎದೆಯ ಹೊಲಿಗೆ ಎಳೆಯಬಾರದು ಅಂತ ಕೆಮ್ಮುವಾಗ, ನಗುವಾಗ ಒತ್ತಿಕೊಳ್ಳಲು ದಿಂಬು ಕೊಟ್ಟಿರುತ್ತಾರೆ. ತಣ್ಣಗಿನ ಚಹಾ ಅಂದಾಗ ಕಾಕಾ ಆ ದಿಂಬನ್ನು ಅವುಚಿಕೊಂಡು ನಕ್ಕರಂತೆ. ಕೆಲಸದ ಸಾಲಿನ ಬಗ್ಗೆ ಕಾಕು ಏನೂ ಹೇಳಲಿಲ್ಲ. ಆದರೆ ಅವತ್ತು ‘ಅವರ ಜಾಗಾಕ್ಕ ಯಾರನ್ನರ’ ಅನ್ನುವ ಪ್ರಶ್ನೆಯೂ ಬರಲಿಲ್ಲ.

‘ಮತ್ತ ಒಂದು ಮಾತು ಕೇಳಂತ ಹೇಳ್ಯಾರ ನೋಡವ್ವಾ’ ಅಂದರು ಕಾಕು. ‘ರಿಟರ್ನ್ ಹೋಗಿದ್ದು ಖರೇ, ಅದರ ಪ್ರಿಂಟ್ ತಗದು ಫೈಲಿಗೆ ಹಾಕ್ಯಾರೋ ಇಲ್ಲೋ ಅಂತ.’

ನಾವು ಹಾಕಿರಲಿಲ್ಲ.